ದೀಪಾವಳಿ ತಾರೀಖು ನೀವೇ ಲೆಕ್ಕ ಹಾಕಿ: ಸಂಕ್ರಾಂತಿಯ ಗೂಟ, ಅಮಾವಾಸ್ಯೆಯ ಹಗ್ಗ

ನಾನು ಕಲಬುರಗಿ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ದೀಪಾವಳಿ ಅಮಾವಾಸ್ಯೆಯ ಸಂಜೆ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀ ಬರೆದು, ಅದರ ಕೆಳಗೆ ತಾರೀಖು ಹಾಕುವುದು ನನ್ನ ಕೆಲಸ. ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲೇ. ಆದರೂ ಪೂಜೆಗೆ ಕೆಂಪು ರಟ್ಟಿನ ಪುಸ್ತಕ ಬೇಕೇ ಬೇಕು. ಹಳೆಯ ಪುಸ್ತಕಗಳು ಅಟ್ಟದ ಮೇಲೆ ಸಾಲಾಗಿ ಕೂತಿವೆ. ಅವುಗಳ ಮೊದಲ ಪುಟ ಮಾತ್ರ ತಿರುವುತ್ತಾ ಹೋದರೆ ಹೀಗೆ ಸಿಗುತ್ತದೆ: 2020ರಲ್ಲಿ ನವೆಂಬರ್ 14, 2021ರಲ್ಲಿ ನವೆಂಬರ್ 4, 2022ರಲ್ಲಿ ಅಕ್ಟೋಬರ್ 24, 2023ರಲ್ಲಿ ನವೆಂಬರ್ 12.

ಎರಡು ಸಲ ಹಿಂದೆ ಸರಿಯಿತು, ಮೂರನೇ ಸಲ ಒಮ್ಮೆಲೇ ಮುಂದೆ ಹಾರಿತು. ಅದೇ ಸಂಕ್ರಾಂತಿ ನೋಡಿ. ನನಗೆ ಬುದ್ಧಿ ಬಂದಾಗಿನಿಂದ ಜನವರಿ 14, ಇಲ್ಲ ಅಂದರೆ 15. ಯಾದಗಿರಿ ಕಡೆಯ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋಗುವವರು ಕ್ಯಾಲೆಂಡರ್ ನೋಡದೆಯೇ ಗಾಡಿ ಮಾತಾಡಿ ಇಡುತ್ತಾರೆ.

ಈ ಹಿಂದೆ ಮುಂದೆ ಸರಿಯುವುದರ ಹಿಂದೆ ಸುಲಭದ ಲೆಕ್ಕ ಇದೆ. ಅದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ.

ನನ್ನ ತಮ್ಮ ಪುಣೆಯಲ್ಲಿದ್ದಾನೆ. 2023ರಲ್ಲಿ ರೈಲು ಟಿಕೆಟ್ ನಾಲ್ಕು ತಿಂಗಳು ಮೊದಲೇ ತೆಗೆಯಬಹುದಿತ್ತು. ಜೂನ್‌ನಲ್ಲಿ ಅವನು ಫೋನ್ ಮಾಡಿ, "ಅಣ್ಣಾ, ದೀಪಾವಳಿ ಯಾವಾಗ ಬರ್ತದ?" ಎಂದ. ಎದುರಿಗೆ ಕ್ಯಾಲೆಂಡರ್ ಇರಲಿಲ್ಲ. ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರುತ್ತದೆ ಎಂದು ಎಲ್ಲೋ ಕೇಳಿದ್ದೆ. 24ರಲ್ಲಿ 11 ಕಳೆದರೆ 13. "ಅಕ್ಟೋಬರ್ 13" ಎಂದೆ. ಅವನು ಟಿಕೆಟ್ ತೆಗೆದ, ರಜೆ ಅರ್ಜಿಯನ್ನೂ ಹಾಕಿದ. ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. "ಅದು ಮಾನಮಿ ಅಮಾಸಿ ಅಲ್ಲೇನೋ? ಹಿರೇರಿಗಿ ಎಡಿ ಕೊಡೋದದ. ದೀಪಾವಳಿಗಿ ಇನ್ನ ಒಂದು ತಿಂಗಳು ಅದ."

ನನ್ನ ಲೆಕ್ಕದಲ್ಲಿ ಕಳೆದದ್ದು ಸರಿ ಇತ್ತು. ಅಮಾವಾಸ್ಯೆಯೂ ನಿಜವಾಗಿ ಇತ್ತು. ಆದರೆ ಅದು ಬೇರೆ ಅಮಾವಾಸ್ಯೆ. ಎಲ್ಲಿ ತಪ್ಪಿದೆ ಎಂದು ತಿಳಿದರೆ ದೀಪಾವಳಿ ಯಾಕೆ ಓಡಾಡುತ್ತದೆ, ಸಂಕ್ರಾಂತಿ ಯಾಕೆ ಕೂತಲ್ಲೇ ಕೂತಿದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಸಂಕ್ರಾಂತಿಯ ಕಡೆ ನೋಡಿ

ಸಂಕ್ರಾಂತಿಗೆ ಚಂದ್ರನ ಹಂಗಿಲ್ಲ. ಸೂರ್ಯ ಮಕರ ರಾಶಿಗೆ ಕಾಲಿಡುವ ಗಳಿಗೆಯೇ ಮಕರ ಸಂಕ್ರಮಣ. ಇದನ್ನು ನಮ್ಮ ಮನೆಯ ಮಾಳಿಗೆ ಮೇಲಿಂದಲೇ ಪರೀಕ್ಷೆ ಮಾಡಬಹುದು. ದೀಪಾವಳಿ ರಾತ್ರಿ ಆಕಾಶದಲ್ಲಿ ಚಂದ್ರ ಯಾವತ್ತೂ ಇರುವುದಿಲ್ಲ. ಸಂಕ್ರಾಂತಿ ರಾತ್ರಿ ಯಾವ ಚಂದ್ರನೂ ಇರಬಹುದು. 2024ರ ಸಂಕ್ರಾಂತಿಗೆ ಸಂಜೆ ಪಡುವಣದಲ್ಲಿ ತೆಳ್ಳಗಿನ ಚಂದ್ರ ಇದ್ದ. 2025ರಲ್ಲಿ ಹುಣ್ಣಿಮೆಯ ಮರುದಿನ, ತಟ್ಟೆಯಂಥ ಚಂದ್ರ. 2026ರಲ್ಲಿ ಏಕಾದಶಿ, ಬೆಳಗಿನ ಜಾವದವರೆಗೆ ಚಂದ್ರನ ಸುಳಿವೇ ಇಲ್ಲ. ಅಂದರೆ ಇಂಗ್ಲಿಷ್ ತಾರೀಖಿನಲ್ಲಿ ಅಲುಗದ ಸಂಕ್ರಾಂತಿ ತಿಥಿಯ ಲೆಕ್ಕದಲ್ಲಿ ಪ್ರತಿ ವರ್ಷ ಅಲೆಯುತ್ತದೆ. ದೀಪಾವಳಿಯದು ಇದರ ಉಲ್ಟಾ. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಅನ್ನುವುದು ನೀವು ಯಾವ ಕೋಲಿನಿಂದ ಅಳೆಯುತ್ತೀರಿ ಅನ್ನುವುದರ ಮೇಲಿದೆ.

ಗೋಡೆ ಮೇಲಿನ ಇಂಗ್ಲಿಷ್ ಕ್ಯಾಲೆಂಡರ್ ಸೂರ್ಯನ ಕೋಲು. 365 ದಿನ, ನಾಲ್ಕು ವರ್ಷಕ್ಕೊಮ್ಮೆ ಫೆಬ್ರುವರಿ 29. ಹಾಗಾಗಿ ಸೂರ್ಯನ ಹಬ್ಬ ಅದರಲ್ಲಿ ಒಂದೇ ಕಡೆ ಬೀಳುತ್ತದೆ.

ಹಾಗಾದರೆ 14, 15 ಎಂಬ ಜಗ್ಗಾಟ ಯಾಕೆ? ಸೂರ್ಯ ಒಂದು ಸುತ್ತು ಮುಗಿಸಿ ಅದೇ ರಾಶಿಯ ಬಾಗಿಲಿಗೆ ಬರಲು 365 ದಿನದ ಮೇಲೆ ಸುಮಾರು 6 ಗಂಟೆ 9 ನಿಮಿಷ ಬೇಕು. ಅದಕ್ಕೆ ಸಂಕ್ರಮಣ ವರ್ಷಕ್ಕೆ ಆರು ಗಂಟೆ ತಡವಾಗುತ್ತಾ ಹೋಗುತ್ತದೆ. 2025ರಲ್ಲಿ ಜನವರಿ 14ರ ಬೆಳಗ್ಗೆ 9ರ ಸುಮಾರಿಗೆ ಆಯಿತು. 2026ರಲ್ಲಿ ಅದೇ 14, ಮಧ್ಯಾಹ್ನ 3ರ ಸುಮಾರು. 2027ರಲ್ಲಿ 14ರ ರಾತ್ರಿ 9ರ ಸುಮಾರು. ಕತ್ತಲಾದ ಮೇಲೆ ಸಂಕ್ರಮಣವಾದರೆ ನದಿ ಸ್ನಾನ, ಎಳ್ಳು ದಾನ ಮರುದಿನಕ್ಕೆ ಹೋಗುತ್ತವೆ. ಹಾಗಾಗಿ 2027ರಲ್ಲಿ ಗಾಣಗಾಪುರದ ಸಂಗಮಕ್ಕೆ ಸ್ನಾನಕ್ಕೆ ಹೋಗುವವರು 15ನೇ ತಾರೀಖು ಇಟ್ಟುಕೊಳ್ಳಬೇಕು. 2028ರಲ್ಲಿ ಸಂಕ್ರಮಣ 15ರ ಬೆಳಗಿನ ಜಾವ. ಆ ವರ್ಷ ಫೆಬ್ರುವರಿ 29 ಬಂದು ಒಂದು ದಿನವನ್ನು ನುಂಗುತ್ತದೆ. 2029ಕ್ಕೆ ಮತ್ತೆ 14ರ ಬೆಳಗ್ಗೆ. ಈ ನಾಲ್ಕು ವರ್ಷದ ಸುತ್ತು ನೆನಪಿದ್ದರೆ ಸಾಕು.

ಸಂಕ್ರಾಂತಿ ಪೂರ್ತಿ ಗಟ್ಟಿಯಾಗಿ ಕೂತಿದೆ ಅಂತಲೂ ಅಲ್ಲ. ಅದು ಬಹಳ ನಿಧಾನಕ್ಕೆ ತೆವಳುತ್ತದೆ. ಇಂಗ್ಲಿಷ್ ಕ್ಯಾಲೆಂಡರ್ ಋತುಗಳನ್ನು ಹಿಡಿದು ನಡೆಯುತ್ತದೆ, ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ. ಇವೆರಡರ ವರ್ಷಕ್ಕೆ ಸುಮಾರು 20 ನಿಮಿಷದ ವ್ಯತ್ಯಾಸ. 20 ನಿಮಿಷ ಕೂಡುತ್ತಾ ಹೋಗಿ ಒಂದು ದಿನವಾಗಲು ಸುಮಾರು 72 ವರ್ಷ ಬೇಕು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿ ದಿನ. ಆದರೆ ಅವರ ಜಯಂತಿ ಜನವರಿ 12ಕ್ಕೆ. 1863ರಲ್ಲಿ ಸಂಕ್ರಾಂತಿ ಬಂದದ್ದೇ 12ಕ್ಕೆ. ಶಾಲೆಯಲ್ಲಿ ಎರಡೂ ದಿನ ಆಚರಿಸುವ ಮಕ್ಕಳಿಗೆ ಇದನ್ನು ಹೇಳಿದರೆ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಈಗ ಚಂದ್ರನ ಲೆಕ್ಕ

ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಅಮಾವಾಸ್ಯೆಗೆ 354 ದಿನದ ಮೇಲೆ ಒಂದಿಷ್ಟು ಗಂಟೆ. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ನಾನು ಕೇಳಿದ್ದ ಹನ್ನೊಂದು ಇದೇ.

ಇದೊಂದೇ ಲೆಕ್ಕ ಇಟ್ಟುಕೊಂಡರೆ ಏನಾಗುತ್ತದೆ ಎಂದು ನೋಡಲು ಕಲಬುರಗಿಯವರು ದೂರ ಹೋಗಬೇಕಿಲ್ಲ. ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸು ಪೂರ್ತಿ ಚಂದ್ರನ ಪಂಚಾಂಗದ್ದು. ಜಿಲ್ಕಾದ ತಿಂಗಳ 15ರಿಂದ ಶುರು. 2023ರಲ್ಲಿ ಅದು ಜೂನ್ ಮೊದಲ ವಾರ ಬಂತು, 2025ರಲ್ಲಿ ಮೇ ಮಧ್ಯಕ್ಕೆ. ಹೀಗೇ ಹಿಂದೆ ಸರಿಯುತ್ತಾ ಬೇಸಿಗೆ, ಚಳಿಗಾಲ, ಮಳೆಗಾಲ ಎಲ್ಲ ಸುತ್ತಿ ಸುಮಾರು 33 ವರ್ಷಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ. ಉರುಸಿಗೆ ಅಂಗಡಿ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಕೆಲವು ವರ್ಷ ಬಿಸಿಲಿಗೆ ಶರಬತ್ತು ಜಾಸ್ತಿ ಹೋಗುತ್ತದೆ, ಇನ್ನು ಕೆಲವು ವರ್ಷ ಬಿಸಿ ಚಹಾ.

ದೀಪಾವಳಿ ಹೀಗೆ ಬೇಸಿಗೆಗೆ ಬಂದದ್ದನ್ನು ಯಾರೂ ನೋಡಿಲ್ಲ, ಅಲ್ವಾ? ಹಿಂದೆ ಸರಿಯುತ್ತದೆ, ಎಲ್ಲೋ ಒಂದು ಕಡೆ ತಡೆದು ಮತ್ತೆ ಮುಂದೆ ಬರುತ್ತದೆ. ಅದನ್ನು ತಡೆಯುವುದು ಯಾರು? ಸಂಕ್ರಾಂತಿಯ ಸೂರ್ಯನೇ.

ಸೂರ್ಯ ವರ್ಷಕ್ಕೆ ಹನ್ನೆರಡು ರಾಶಿಗೆ ಹೋಗುತ್ತಾನೆ, ಹಾಗಾಗಿ ಸಂಕ್ರಮಣಗಳೂ ಹನ್ನೆರಡು. ನಾವು ಹಬ್ಬ ಮಾಡುವುದು ಮಕರದ್ದು ಮಾತ್ರ. ಪಂಚಾಂಗದವರಿಗೆ ಎಲ್ಲವೂ ಬೇಕು. ಚಂದ್ರನ ತಿಂಗಳಿಗೆ ಹೆಸರು ಇಡುವುದೇ ಅದರೊಳಗೆ ಯಾವ ಸಂಕ್ರಮಣ ಬಿತ್ತು ಎಂದು ನೋಡಿ. ತುಲಾ ಸಂಕ್ರಮಣ ಬಿದ್ದ ತಿಂಗಳು ಆಶ್ವಯುಜ. ಮಕರ ಸಂಕ್ರಮಣ ಬಿದ್ದ ತಿಂಗಳು ಪುಷ್ಯ. ಆಶ್ವಯುಜದ ಕೊನೆಯ ದಿನ ದೀಪಾವಳಿ ಅಮಾವಾಸ್ಯೆ. ಇದನ್ನೇ ತಿರುವಿ ಹೇಳಿದರೆ ನಮಗೆ ಬೇಕಾದ ನಿಯಮ ಸಿಗುತ್ತದೆ: ಸೂರ್ಯ ತುಲಾ ರಾಶಿಯಲ್ಲಿರುವಾಗ ಬರುವ ಅಮಾವಾಸ್ಯೆಯೇ ದೀಪಾವಳಿ.

ಈಗಿನ ಕಾಲದಲ್ಲಿ ಸೂರ್ಯ ತುಲಾ ರಾಶಿಗೆ ಬರುವುದು ಅಕ್ಟೋಬರ್ 17ರ ಸುಮಾರಿಗೆ. ಬಿಟ್ಟು ಹೋಗುವುದು ನವೆಂಬರ್ 16ರ ಸುಮಾರಿಗೆ. ಸಂಕ್ರಾಂತಿ ಎಷ್ಟು ಗಟ್ಟಿಯೋ ಈ ಎರಡು ತಾರೀಖುಗಳೂ ಅಷ್ಟೇ ಗಟ್ಟಿ. ಇವುಗಳ ನಡುವೆ ಯಾವ ಅಮಾವಾಸ್ಯೆ ಬೀಳುತ್ತದೋ ಅದೇ ನಿಮ್ಮ ಲಕ್ಷ್ಮೀ ಪೂಜೆ. ಹೊಲದಲ್ಲಿ ಗೂಟಕ್ಕೆ ಕಟ್ಟಿದ ಎತ್ತು ನೆನಪಿಸಿಕೊಳ್ಳಿ. ಹಗ್ಗ ಇರುವಷ್ಟು ದೂರ ಮೇಯುತ್ತದೆ, ಪಕ್ಕದ ಹೊಲಕ್ಕೆ ಹೋಗುವುದಿಲ್ಲ. ದೀಪಾವಳಿಯ ಹಗ್ಗ ಮೂವತ್ತು ದಿನ ಉದ್ದ.

ನನ್ನ 2023ರ ತಪ್ಪು ಈಗ ಕಾಣುತ್ತದೆ. ಅಕ್ಟೋಬರ್ 14ರ ಅಮಾವಾಸ್ಯೆಯಂದು ಸೂರ್ಯ ಇನ್ನೂ ಕನ್ಯಾ ರಾಶಿಯಲ್ಲೇ ಇದ್ದ. ಅದಕ್ಕೇ ಅದು ಅವ್ವ ಹೇಳಿದ ಮಾನಮಿ ಅಮಾಸಿ, ಅಂದರೆ ಮಹಾಲಯ.

ಲೆಕ್ಕ ಹಾಕುವ ಹೆಜ್ಜೆಗಳು: 2026ರ ದೀಪಾವಳಿ

ಒಂದು ಹಾಳೆ ತೆಗೆದುಕೊಳ್ಳಿ. ನಾನು ಬಿಲ್ ಪುಸ್ತಕದ ಹಿಂಬದಿಯಲ್ಲೇ ಮಾಡುತ್ತೇನೆ.

ಮೊದಲು, ಹಿಂದಿನ ವರ್ಷದ ಅಮಾವಾಸ್ಯೆ ಪೂಜೆಯ ತಾರೀಖು ಬರೆಯಿರಿ. ನರಕ ಚತುರ್ದಶಿಯದ್ದಲ್ಲ, ಪಾಡ್ಯದ್ದೂ ಅಲ್ಲ. ಸರ್ಕಾರಿ ರಜೆ ಪಟ್ಟಿ ನೋಡಿದರೆ ಇಲ್ಲೇ ಮೋಸ ಹೋಗುತ್ತೀರಿ. ನಮ್ಮ ರಾಜ್ಯದಲ್ಲಿ ರಜೆ ಕೊಡುವುದು ಚತುರ್ದಶಿಗೆ ಮತ್ತು ಬಲಿಪಾಡ್ಯಮಿಗೆ. 2025ರ ಪೂಜೆ ಅಕ್ಟೋಬರ್ 20.

ಎರಡನೆಯದು, 11 ಕಳೆಯಿರಿ. ಎರಡು ದೀಪಾವಳಿಗಳ ನಡುವೆ ಫೆಬ್ರುವರಿ 29 ಬಂದಿದ್ದರೆ 12 ಕಳೆಯಿರಿ. 2026ರಲ್ಲಿ ಅದು ಇಲ್ಲ. 20ರಲ್ಲಿ 11 ಹೋದರೆ ಅಕ್ಟೋಬರ್ 9.

ಮೂರನೆಯದು, ನಾನು 2023ರಲ್ಲಿ ಮಾಡದೆ ಬಿಟ್ಟ ಹೆಜ್ಜೆ. ಬಂದ ತಾರೀಖು ಅಕ್ಟೋಬರ್ 17ಕ್ಕಿಂತ ಮೊದಲಿದೆಯೇ ಎಂದು ನೋಡಿ. ಮೊದಲಿದ್ದರೆ ಎತ್ತು ಪಕ್ಕದ ಹೊಲಕ್ಕೆ ಹೋಗಿದೆ. ಒಂದು ತಿಂಗಳು, ಅಂದರೆ 30 ದಿನ ಕೂಡಿಸಿ ಎಳೆದು ತನ್ನಿ. ಅಕ್ಟೋಬರ್ 9ಕ್ಕೆ 30 ಕೂಡಿಸಿದರೆ ನವೆಂಬರ್ 8.

ಇಷ್ಟೇ. 2026ರ ಲಕ್ಷ್ಮೀ ಪೂಜೆ ನವೆಂಬರ್ 8, ಭಾನುವಾರ. ಯಾವ ಪಂಚಾಂಗ ಬೇಕಾದರೂ ತೆಗೆದು ನೋಡಿ.

ಹಾಗೇ ಮುಂದುವರಿಸಿ. ನವೆಂಬರ್ 8ರಲ್ಲಿ 11 ಕಳೆದರೆ 2027ಕ್ಕೆ ಅಕ್ಟೋಬರ್ 28. 17ರ ಗೆರೆ ದಾಟಿಲ್ಲ, ಹಾಗೇ ಬಿಡಿ. ಪಂಚಾಂಗದಲ್ಲಿ 29 ಇದೆ. ಒಂದು ದಿನ ತಪ್ಪಿತು. ಈ ಲೆಕ್ಕ ಒಂದು ದಿನ ಹಿಂದೆ ಮುಂದೆ ಆಗುವುದು ಸಹಜ. ಚಂದ್ರನ ವರ್ಷ 354 ಪೂರ್ಣ ದಿನ ಅಲ್ಲ, ಮೇಲೆ ಗಂಟೆಗಳಿವೆ ಎಂದೆನಲ್ಲ, ಅವು ಕೂಡಿ ಕೂಡಿ ಒಮ್ಮೊಮ್ಮೆ ಒಂದು ದಿನವನ್ನು ತಳ್ಳುತ್ತವೆ. ಅದಕ್ಕೆ ಪ್ರತಿ ವರ್ಷ ನಿಮ್ಮ ಉತ್ತರದಿಂದಲ್ಲ, ನಿಜವಾಗಿ ಹಬ್ಬ ಆದ ತಾರೀಖಿನಿಂದ ಶುರು ಮಾಡಿ. ಇಲ್ಲದಿದ್ದರೆ ಒಂದು ದಿನದ ತಪ್ಪು ನಾಲ್ಕು ದಿನವಾಗುತ್ತದೆ. ರೋಕಡ ಪುಸ್ತಕದಲ್ಲಿ ಹಿಂದಿನ ದಿನದ ಬಾಕಿ ತಪ್ಪು ಬರೆದ ಹಾಗೆ.

ತಾಳೆ ನೋಡಲು ನನ್ನ ಹತ್ತಿರ ಇನ್ನೊಂದು ಉಪಾಯ ಇದೆ. ಹತ್ತೊಂಬತ್ತು ವರ್ಷ ಹಿಂದಿನ ಖಾತೆ ಪುಸ್ತಕ ತೆಗೆಯಿರಿ. ಸೂರ್ಯನ 19 ವರ್ಷವೂ ಚಂದ್ರನ 235 ತಿಂಗಳೂ ಹೆಚ್ಚುಕಡಿಮೆ ಸಮ, ಗಂಟೆಗಳಷ್ಟೇ ವ್ಯತ್ಯಾಸ. ಅದಕ್ಕೆ ಹಬ್ಬದ ತಾರೀಖು 19 ವರ್ಷಕ್ಕೆ ಮರಳಿ ಬರುತ್ತದೆ. 2007ರ ಪುಸ್ತಕದಲ್ಲಿ ನವೆಂಬರ್ 9 ಇದೆ, 2026ಕ್ಕೆ 8. 2008ರದ್ದು ಅಕ್ಟೋಬರ್ 28, 2027ಕ್ಕೆ 29. 2001ರಲ್ಲೂ 2020ರಲ್ಲೂ ನವೆಂಬರ್ 14 ಇದ್ದದ್ದು ನೋಡಿ ನಮ್ಮ ಸಾಹುಕಾರರು ನಾನೇ ತಪ್ಪು ಬರೆದಿದ್ದೇನೆ ಎಂದುಕೊಂಡಿದ್ದರು. ಮದುವೆ ಫೋಟೋ, ಹಳೆಯ ಡೈರಿ, ಯಾವುದಾದರೂ ಸರಿ. ಆದರೆ ನೀವು ಹುಡುಕುವ ವರ್ಷದಿಂದ ಸರಿಯಾಗಿ 19 ವರ್ಷ ಹಿಂದಿನದ್ದೇ ಇರಬೇಕು. 18 ಅಥವಾ 20 ಆದರೆ ಕೆಲಸಕ್ಕೆ ಬರುವುದಿಲ್ಲ.

ಆ ಮೂವತ್ತು ದಿನ ಎಲ್ಲಿಂದ ಬಂತು

ನಾವು ಹಾಳೆಯ ಮೇಲೆ ಸುಮ್ನೆ 30 ಕೂಡಿಸಿಬಿಟ್ಟೆವು. ಪಂಚಾಂಗದಲ್ಲಿ ಅದು ಎಲ್ಲೋ ನಿಜವಾದ ಒಂದು ತಿಂಗಳಾಗಿ ಕೂತಿರಬೇಕಲ್ಲ. ಕೂತಿದೆ. ಅದೇ ಅಧಿಕ ಮಾಸ. 2026ರಲ್ಲಿ ಅದು ಮೇ 17ರಿಂದ ಜೂನ್ 15ರವರೆಗೆ, ಅಧಿಕ ಜ್ಯೇಷ್ಠ.

ಇದು ಹೇಗೆ ಹುಟ್ಟಿತು ಎಂದು ಹತ್ತಿರದಿಂದ ನೋಡೋಣ. ಸೂರ್ಯ ವೃಷಭಕ್ಕೆ ಬಂದದ್ದು ಮೇ 15ಕ್ಕೆ. ಅಮಾವಾಸ್ಯೆ ಮುಗಿಯುವುದು ಮೇ 16ರ ನಡುರಾತ್ರಿ ದಾಟಿ. ಅಲ್ಲಿಂದ ಹೊಸ ತಿಂಗಳು ಶುರು. ಮುಂದಿನ ಅಮಾವಾಸ್ಯೆ ಮುಗಿಯುವುದು ಜೂನ್ 15ರ ಬೆಳಗ್ಗೆ 8 ಗಂಟೆ 24 ನಿಮಿಷಕ್ಕೆ. ಸೂರ್ಯ ಮಿಥುನಕ್ಕೆ ಹೋಗುವುದು ಅದೇ ದಿನ ಮಧ್ಯಾಹ್ನ 1ರ ಸುಮಾರಿಗೆ. ಅಂದರೆ ನಾಲ್ಕೂವರೆ ಗಂಟೆ ತಡ. ಆ ತಿಂಗಳಿಡೀ ಒಂದು ಸಂಕ್ರಮಣವೂ ಬೀಳಲಿಲ್ಲ. ಸಂಕ್ರಮಣ ಇಲ್ಲದ ತಿಂಗಳಿಗೆ ತನ್ನದೇ ಹೆಸರಿಲ್ಲ, ಮುಂದಿನ ತಿಂಗಳ ಹೆಸರನ್ನೇ ಕೊಟ್ಟು ಅಧಿಕ ಎಂದು ಸೇರಿಸುತ್ತಾರೆ. ಅದರ ನಂತರದ ಹಬ್ಬಗಳೆಲ್ಲ ಒಂದು ತಿಂಗಳು ಮುಂದೆ ಹೋಗುತ್ತವೆ. ನಾಗರ ಪಂಚಮಿ, ಗಣೇಶ ಚೌತಿ, ದಸರೆ, ದೀಪಾವಳಿ ಎಲ್ಲವೂ ಆ ವರ್ಷ ತಡ.

ಸರಾಸರಿ ಮೂವತ್ತೆರಡೂವರೆ ತಿಂಗಳಿಗೊಮ್ಮೆ ಹೀಗಾಗುತ್ತದೆ. ಸೂರ್ಯ ಒಂದು ರಾಶಿಯಲ್ಲಿ ಇರುವುದು ಸರಾಸರಿ ಮೂವತ್ತು ದಿನದ ಮೇಲೆ, ಚಂದ್ರನ ತಿಂಗಳು ಮೂವತ್ತಕ್ಕೆ ಕಡಿಮೆ. ಆ ಚೂರು ಚೂರು ವ್ಯತ್ಯಾಸ ಕೂಡಿ ಒಂದು ತಿಂಗಳಾಗಲು ಅಷ್ಟು ಕಾಲ ಬೇಕು. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು 33 ಅನಾರಸ ಇಟ್ಟು ಬಾಗಿನ ಕೊಡುತ್ತಾರಲ್ಲ, ಅದು ಮೂವತ್ಮೂರು ದೇವತೆಗಳ ಲೆಕ್ಕ ಎಂದು ಹಿರಿಯರು ಹೇಳುತ್ತಾರೆ. ನಾನಂತೂ ಅದನ್ನು ತಿಂಗಳ ಲೆಕ್ಕವಾಗಿಯೇ ನೆನಪಿಟ್ಟುಕೊಂಡಿದ್ದೇನೆ. ಅನಾರಸ ತಿನ್ನುವಾಗ ಯಾವ ಲೆಕ್ಕವಾದರೇನು.

ಗೆರೆಯ ಮೇಲೆ ಬಂದರೆ ಏನು ಮಾಡಬೇಕು

ಲೆಕ್ಕದಲ್ಲಿ ಅಕ್ಟೋಬರ್ 9 ಅಥವಾ 28 ಬಂದರೆ ಅನುಮಾನ ಇಲ್ಲ. ಆದರೆ 15, 16, 17, 18 ಬಂದರೆ? ಒಂದು ದಿನದ ತಪ್ಪೇ ಒಂದು ತಿಂಗಳ ತಪ್ಪಾಗಬಹುದು. ಆಗ ಹಾಳೆ ಬಿಟ್ಟು ಪಂಚಾಂಗದಲ್ಲಿ ಎರಡು ಸಮಯ ನೋಡಬೇಕು. ಅಮಾವಾಸ್ಯೆ ಯಾವಾಗ ಮುಗಿಯುತ್ತದೆ, ತುಲಾ ಸಂಕ್ರಮಣ ಯಾವಾಗ ಆಗುತ್ತದೆ. ಸಂಕ್ರಮಣ ಮೊದಲಾಗಿದ್ದರೆ ಅದೇ ದೀಪಾವಳಿ. ಅಮಾವಾಸ್ಯೆ ಮೊದಲು ಮುಗಿದರೆ ಇನ್ನೊಂದು ತಿಂಗಳು ಕಾಯಬೇಕು.

2020 ನೆನಪಿದೆಯಾ? ಕೊರೋನಾ ವರ್ಷ. ಸೆಪ್ಟೆಂಬರ್ 17ಕ್ಕೆ ಮಹಾಲಯ ಆಗಿಯೂ ಮರುದಿನ ಘಟ್ಟ ಹಾಕಲಿಲ್ಲ, ನವರಾತ್ರಿ ಶುರುವಾಗಿದ್ದು ಪೂರ್ತಿ ಒಂದು ತಿಂಗಳ ಮೇಲೆ. ಆ ವರ್ಷ ಅಕ್ಟೋಬರ್ 16ರ ಅಮಾವಾಸ್ಯೆ ಮುಗಿದದ್ದು ನಡುರಾತ್ರಿ ಕಳೆದು 1 ಗಂಟೆಗೆ. ಸೂರ್ಯ ತುಲಾಕ್ಕೆ ಬಂದದ್ದು 17ರ ಬೆಳಗ್ಗೆ 7ರ ಸುಮಾರಿಗೆ. ಆರು ಗಂಟೆಯಲ್ಲಿ ತಪ್ಪಿತು. ಹಾಗಾಗಿ ಆ ತಿಂಗಳು ಅಧಿಕ ಆಶ್ವಯುಜ ಆಗಿ ಹೋಯಿತು, ದೀಪಾವಳಿ ನವೆಂಬರ್ 14ಕ್ಕೆ ಬಂತು.

2028ರಲ್ಲಿ ಇದರ ಉಲ್ಟಾ ಆಗುತ್ತದೆ. 2027ರ ಅಕ್ಟೋಬರ್ 29ರಿಂದ 12 ಕಳೆದರೆ ಅಕ್ಟೋಬರ್ 17, ಸರಿಯಾಗಿ ಗೆರೆಯ ಮೇಲೆ. ಆ ವರ್ಷ ಸೂರ್ಯ ತುಲಾಕ್ಕೆ ಬರುವುದು 17ರ ಬೆಳಗ್ಗೆ. ಅಮಾವಾಸ್ಯೆ ಮುಗಿಯುವುದು 18ರ ಬೆಳಗ್ಗೆ. ಒಂದೇ ದಿನದ ಅಂತರದಲ್ಲಿ ಒಳಗೆ ಬಂತು. ಹಾಗಾಗಿ 2028ರ ದೀಪಾವಳಿ ಅಕ್ಟೋಬರ್ 17ಕ್ಕೆ. ಇದಕ್ಕಿಂತ ಬೇಗ ಬರಲು ಈಗಿನ ಕಾಲದಲ್ಲಿ ಹೆಚ್ಚು ಜಾಗ ಉಳಿದಿಲ್ಲ.

ಇನ್ನೊಂದು ಗೊಂದಲ ತಾರೀಖಿನದ್ದಲ್ಲ, ಸಂಜೆಯದ್ದು. ತಿಥಿ ನಡುರಾತ್ರಿ ಹನ್ನೆರಡಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯುವುದಿಲ್ಲ. ದಿನದ ಯಾವ ಹೊತ್ತಿಗೂ ಶುರುವಾಗಬಹುದು. ಲಕ್ಷ್ಮೀ ಪೂಜೆಗೆ ಸೂರ್ಯ ಮುಳುಗಿದ ಮೇಲೆ ಅಮಾವಾಸ್ಯೆ ಇರಬೇಕು. 2026ರಲ್ಲಿ ಅಮಾವಾಸ್ಯೆ ನವೆಂಬರ್ 8ರ ಬೆಳಗ್ಗೆ ಹನ್ನೊಂದೂವರೆಗೆ ಶುರುವಾಗಿ 9ರ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತದೆ. ಸಂಜೆ ಸಿಗುವುದು 8ಕ್ಕೆ ಮಾತ್ರ, ಜಗಳವಿಲ್ಲ. 2024ರಲ್ಲಿ ಹಾಗಿರಲಿಲ್ಲ. ಅಕ್ಟೋಬರ್ 31ರ ಮಧ್ಯಾಹ್ನ 4ರ ಹೊತ್ತಿಗೆ ಶುರುವಾದ ಅಮಾವಾಸ್ಯೆ ನವೆಂಬರ್ 1ರ ಸಂಜೆ ಆರೂಕಾಲರವರೆಗೆ ಇತ್ತು. ಕಲಬುರಗಿಯಲ್ಲಿ ಆಗ ಸೂರ್ಯ ಮುಳುಗುವುದು 5 ಗಂಟೆ 50ರ ಸುಮಾರಿಗೆ. 31ರ ಸಂಜೆ ಪೂರ್ತಿ ಸಿಕ್ಕಿತು, 1ರ ಸಂಜೆ ಇಪ್ಪತ್ತೈದು ನಿಮಿಷ ಸಿಕ್ಕಿತು. ಗಂಜ್‌ನಲ್ಲಿ ಅರ್ಧ ಅಂಗಡಿಯವರು 31ಕ್ಕೆ ಪೂಜೆ ಮಾಡಿದರು, ಅರ್ಧ ಜನ 1ಕ್ಕೆ. ಇಬ್ಬರ ಕೈಯಲ್ಲೂ ಪಂಚಾಂಗ ಇತ್ತು. ಹಮಾಲರಿಗೆ ಎರಡು ದಿನ ಪೇಡೆ ಸಿಕ್ಕಿತು.

ಬೀದರ್ ಕಡೆ ಹಿಂದಿ ಕ್ಯಾಲೆಂಡರ್ ಇಟ್ಟುಕೊಂಡವರಿಗೂ ಒಂದು ಮಾತು. ಅದರಲ್ಲಿ ದೀಪಾವಳಿಗೆ ಕಾರ್ತಿಕ ಅಮಾವಾಸ್ಯೆ ಎಂದಿರುತ್ತದೆ. ನಮ್ಮದು ಆಶ್ವಯುಜ. ಉತ್ತರದವರು ತಿಂಗಳನ್ನು ಹುಣ್ಣಿಮೆಗೆ ಮುಗಿಸುತ್ತಾರೆ, ನಾವು ಅಮಾವಾಸ್ಯೆಗೆ. ಹೆಸರು ಬೇರೆ, ರಾತ್ರಿ ಅದೇ.

ಎಳ್ಳ ಅಮಾವಾಸ್ಯೆಗೂ ಇದೇ ಹೆಜ್ಜೆ

ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರೂ ಜಿಲ್ಲೆಯ ರೈತರಿಗೆ ದೀಪಾವಳಿಗಿಂತ ಎಳ್ಳ ಅಮಾವಾಸ್ಯೆ ದೊಡ್ಡದು ಎಂದರೂ ತಪ್ಪಿಲ್ಲ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಗಡಿಗೆ ಹೊತ್ತು ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿ, ನಿಂತ ಜೋಳಕ್ಕೆ ಚರಗ ಚೆಲ್ಲಿ ಬರುವ ದಿನ. ಇದು ಸೂರ್ಯ ಧನು ರಾಶಿಯಲ್ಲಿರುವಾಗ ಬರುವ ಅಮಾವಾಸ್ಯೆ. ಇದರ ಹಗ್ಗ ಡಿಸೆಂಬರ್ 16ರಿಂದ ಸಂಕ್ರಾಂತಿಯವರೆಗೆ. ಅದಕ್ಕೇ ಎಳ್ಳ ಅಮಾವಾಸ್ಯೆ ಯಾವತ್ತೂ ಸಂಕ್ರಾಂತಿಗಿಂತ ಮೊದಲೇ ಬರುತ್ತದೆ. ಎಷ್ಟು ಮೊದಲು ಅನ್ನುವುದಷ್ಟೇ ಬದಲಾಗುತ್ತದೆ. 2024ರಲ್ಲಿ ಜನವರಿ 11ಕ್ಕೆ ಬಂತು, ನಾಲ್ಕು ದಿನಕ್ಕೆ ಸಂಕ್ರಾಂತಿ. ಅವ್ವ ಒಂದೇ ಸಲ ಸಜ್ಜೆ ಬೀಸಿಸಿ ಎರಡೂ ಹಬ್ಬ ಮುಗಿಸಿದಳು.

ಅದೇ 2024ರಲ್ಲಿ ಡಿಸೆಂಬರ್ 30ಕ್ಕೆ ಇನ್ನೊಂದು ಎಳ್ಳ ಅಮಾವಾಸ್ಯೆ ಬಂತು. ಒಂದೇ ಕ್ಯಾಲೆಂಡರಿನಲ್ಲಿ ಎರಡು. 2025ರದ್ದು ಡಿಸೆಂಬರ್ 19ಕ್ಕೆ. ಈಗ ಮುಂದಿನದನ್ನು ತೆಗೆಯಿರಿ. 19ರಲ್ಲಿ 11 ಕಳೆದರೆ ಡಿಸೆಂಬರ್ 8. 16ರ ಗೆರೆಗಿಂತ ಹಿಂದೆ ಹೋಯಿತು. 30 ಕೂಡಿಸಿದರೆ ಜನವರಿ 7, 2027.

ಹೋದ ತಿಂಗಳು ತಮ್ಮ ಫೋನ್ ಮಾಡಿ, 2026ರ ಕ್ಯಾಲೆಂಡರಿನ ಹನ್ನೆರಡೂ ಹಾಳೆ ತಿರುವಿದೆ, ಎಳ್ಳ ಅಮಾವಾಸ್ಯೆ ಹಾಕೋದೇ ಮರೆತಾರ ನೋಡು ಎಂದ. ಮರೆತಿಲ್ಲ, ಈ ವರ್ಷ ಅದು ಇಲ್ಲ ಎಂದೆ. ಅವನು ನಂಬಲಿಲ್ಲ. "ಅವ್ವಗ ಕೊಡು ಫೋನ್" ಎಂದ.